‘ನಾನು ಕಳಿಸಿಲ್ಲ’ ಅಂದರೆ ‘ಮತ್ತೆ ಯಾರು ಕಳಿಸಿದ್ದು?’ ಅಂತ ಯಾಕೆ ಕೇಳಿದರು

ಪ್ರಶ್ನೆ: ಆಫೀಸಿನ ಮೀಟಿಂಗ್‌ನಲ್ಲಿ ‘ಅವರಿಗೆ ಫೈಲ್ ಹೋಯಿತಾ?’ ಅಂತ ಇಂಗ್ಲಿಷಿನಲ್ಲಿ ಕೇಳಿದರು. ನಾನು ‘ಐ ಡಿಡಂಟ್ ಸೆಂಡ್ ಹಿಮ್ ದ ಫೈಲ್’ ಅಂದೆ. ಇನ್ನೂ ಕಳಿಸಿಲ್ಲ ಅನ್ನೋದಷ್ಟೇ ನನ್ನ ಅರ್ಥ. ಕೇಳಿದವರು ‘ಹಾಗಾದರೆ ಕಳಿಸಿದ್ದು ಯಾರು?’ ಅಂದರು. ನಾನು ಬೇರೆ ಯಾರ ಹೆಸರನ್ನೂ ಎತ್ತಿರಲಿಲ್ಲ. ಆಮೇಲೆ ಗೆಳತಿಯೊಬ್ಬಳು ‘ನೀನು ಒತ್ತು ತಪ್ಪು ಪದಕ್ಕೆ ಹಾಕಿದೆ’ ಅಂದಳು. ಒತ್ತು ಬದಲಾದರೆ ಅರ್ಥ ಇಷ್ಟೊಂದು ಬದಲಾಗುತ್ತಾ? ಕನ್ನಡದಲ್ಲಿ ಹೀಗೆ ಆಗಲ್ಲ ಅಲ್ವಾ?

ಉತ್ತರ: ನಿಮ್ಮ ಗೆಳತಿ ಸರಿಯಾಗಿಯೇ ಹಿಡಿದಿದ್ದಾರೆ. ನಾನು ಆ ಮೀಟಿಂಗ್‌ನಲ್ಲಿ ಇರಲಿಲ್ಲ. ಆದರೂ ಒತ್ತು ಬಿದ್ದದ್ದು ‘ಐ’ ಮೇಲೆ ಅಂತ ಧೈರ್ಯವಾಗಿ ಹೇಳಬಲ್ಲೆ. ನಿಮಗೆ ಬಂದ ಮರುಪ್ರಶ್ನೆಯೇ ಅದನ್ನು ಹೇಳುತ್ತದೆ. ‘ಕಳಿಸಿದ್ದು ಯಾರು?’ ಎಂದು ಕೇಳಿದವರ ಕಿವಿಗೆ ‘ಫೈಲ್ ಹೋಗಿದೆ, ಆದರೆ ಕಳಿಸಿದ್ದು ನಾನಲ್ಲ’ ಅಂತ ಬಿದ್ದಿದೆ. ಒತ್ತು ‘ಹಿಮ್’ ಮೇಲೆ ಬಿದ್ದಿದ್ದರೆ ‘ಮತ್ತೆ ಯಾರಿಗೆ ಕಳಿಸಿದಿರಿ?’ ಅನ್ನುತ್ತಿದ್ದರು. ‘ಫೈಲ್’ ಮೇಲೆ ಜೋರಾಗಿ ಬಿದ್ದಿದ್ದರೆ ‘ಮತ್ತೆ ಏನು ಕಳಿಸಿದಿರಿ?’ ಅನ್ನುತ್ತಿದ್ದರು. ಒತ್ತು ಎಲ್ಲಿ ಬಿತ್ತು ಅಂತ ಗೊತ್ತಾಗಬೇಕಾದರೆ ನಿಮ್ಮ ಮಾತಿಗಿಂತ ಎದುರಿನವರ ಮುಂದಿನ ಪ್ರಶ್ನೆಯನ್ನು ಕೇಳಿಸಿಕೊಳ್ಳುವುದು ಒಳ್ಳೆಯದು.

ನೀವು ‘ಐ’ಗೆ ಬೇಕು ಅಂತ ಒತ್ತು ಕೊಟ್ಟಿರಲಾರಿರಿ. ಬಹುಶಃ ಮುಂದಿನ ಪದ ಹುಡುಕುತ್ತಾ ‘ಐ...’ ಅಂತ ಸ್ವಲ್ಪ ಎಳೆದಿರಿ, ಅಷ್ಟೇ. ನಾವೆಲ್ಲ ಮಾಡುವ ಕೆಲಸವೇ ಅದು. ಆದರೆ ಇಂಗ್ಲಿಷಿನಲ್ಲಿ ‘ಐ’ ಸಾಮಾನ್ಯವಾಗಿ ಬಂದದ್ದೂ ಹೋದದ್ದೂ ಗೊತ್ತಾಗದಷ್ಟು ಹಗುರವಾದ ಪದ. ಹಗುರವಾಗಿರಬೇಕಾದ ಪದ ಭಾರವಾಗಿ ಕೇಳಿಸಿದರೆ ಕೇಳುವವರು ‘ಇದರಲ್ಲೇನೋ ಇದೆ’ ಅಂದುಕೊಳ್ಳುತ್ತಾರೆ. ನೀವು ತಡವರಿಸಿದ್ದನ್ನು ಅವರು ಬೆರಳು ತೋರಿಸಿದ್ದು ಅಂತ ಓದಿಕೊಂಡರು.

ಈಗ ನಿಮ್ಮ ಕೊನೆಯ ಸಾಲಿಗೆ ಬರೋಣ. ಕನ್ನಡದಲ್ಲಿ ಹೀಗೆ ಆಗಲ್ಲ ಅಂತೀರಿ. ಆಗುತ್ತೆ. ಒಂದು ವಾಕ್ಯ ತೆಗೆದುಕೊಳ್ಳಿ.

ನಾನು ನಿನ್ನೆ ಅವಳಿಗೆ ಕೀ ಕೊಡಲಿಲ್ಲ.

ಇದನ್ನು ಬಾಯಿಬಿಟ್ಟು ಹೇಳಿ ನೋಡಿ, ಮನಸ್ಸಿನಲ್ಲೇ ಓದಬೇಡಿ. ಮೊದಲು ‘ನಾನು’ ಮೇಲೆ ಭಾರ ಹಾಕಿ. ಕೀ ಅವಳ ಕೈಗೆ ಹೋಗಿದೆ, ನಿನ್ನೆಯೇ ಹೋಗಿದೆ, ಆದರೆ ಕೊಟ್ಟವರು ಬೇರೆ ಯಾರೋ ಎಂದು ಕೇಳಿಸುತ್ತದೆ. ಈಗ ‘ನಿನ್ನೆ’ ಮೇಲೆ ಹಾಕಿ. ಕೊಟ್ಟದ್ದು ನಾನೇ, ಅವಳಿಗೇ, ದಿನ ಮಾತ್ರ ಬೇರೆ: ಮೊನ್ನೆ ಇರಬಹುದು, ಇವತ್ತು ಬೆಳಿಗ್ಗೆ ಇರಬಹುದು. ‘ಅವಳಿಗೆ’ ಮೇಲೆ ಹಾಕಿದರೆ ಕೀ ಇನ್ಯಾರದೋ ಕೈಯಲ್ಲಿದೆ. ‘ಕೀ’ ಮೇಲೆ ಹಾಕಿದರೆ ಅವಳಿಗೆ ನಿನ್ನೆ ಏನೋ ಕೊಟ್ಟಿದ್ದೇನೆ, ಕೀ ಅಲ್ಲ. ಕೊನೆಗೆ ‘ಕೊಡಲಿಲ್ಲ’ ಮೇಲೆ. ಇಲ್ಲಿ ಎರಡು ದಾರಿ ಇದೆ. ಯಾರೋ ‘ಕೊಟ್ಟೆ, ಕೊಟ್ಟೆ’ ಅಂತ ವಾದಿಸುತ್ತಿದ್ದರೆ ನಾನು ‘ಇಲ್ಲ’ ಅನ್ನುವ ತುಂಡಿನ ಮೇಲೆ ಬಿಗಿ ಹಿಡಿಯುತ್ತೇನೆ. ‘ಕೊಡಲಿಲ್ಲ, ಅವಳೇ ತಗೊಂಡಳು’ ಅನ್ನಬೇಕಾದರೆ ‘ಕೊಡ’ ಅನ್ನುವ ತುಂಡಿನ ಮೇಲೆ.

ಐದು ಪದ, ಆರು ಸುದ್ದಿ. ಆದರೆ ಗಮನಿಸಿ, ಈ ಆರರಲ್ಲೂ ‘ಬೇರೆ ಯಾರೋ ಕೊಟ್ಟರು’, ‘ಬೇರೆ ದಿನ ಕೊಟ್ಟೆ’ ಅಂತ ನಾನು ಎಲ್ಲೂ ಹೇಳಿಲ್ಲ. ಕೇಳಿದವರು ತಾವೇ ಕಟ್ಟಿಕೊಂಡದ್ದು ಅದು. ಕಟ್ಟುವ ಬಗೆ ಹೀಗೆ. ಒತ್ತು ಬಿದ್ದ ಪದದ ಜಾಗವನ್ನು ಕೇಳುವವರು ಮನಸ್ಸಿನಲ್ಲಿ ಖಾಲಿ ಮಾಡುತ್ತಾರೆ. ‘ಡ್ಯಾಶ್ ನಿನ್ನೆ ಅವಳಿಗೆ ಕೀ ಕೊಟ್ಟರು’. ಆ ಖಾಲಿ ಜಾಗಕ್ಕೆ ಯಾರ್ಯಾರು ಬರಬಹುದು ಅಂತ ಒಂದು ಸಣ್ಣ ಪಟ್ಟಿ ಮಾಡುತ್ತಾರೆ. ‘ಇಲ್ಲ’ ಅನ್ನುವುದು ಆ ಪಟ್ಟಿಯಲ್ಲಿ ನನ್ನ ಹೆಸರನ್ನು ಹೊಡೆದುಹಾಕುತ್ತದೆ. ಉಳಿದ ವಾಕ್ಯ ಹಾಗೇ ನಿಂತಿರುತ್ತದೆ. ಪಟ್ಟಿಯಲ್ಲಿ ಉಳಿದವರ ಮೇಲೆ ಕಣ್ಣು ಬೀಳುತ್ತದೆ. ಒತ್ತು ಬಿದ್ದ ಪದ ಹೀಗೆ ತನ್ನ ಪಕ್ಕದ ಬದಲಿಗಳನ್ನು ಮನಸ್ಸಿಗೆ ತರುತ್ತದೆ ಎನ್ನುವುದನ್ನು ಮ್ಯಾಟ್ಸ್ ರೂಥ್ ಅನ್ನುವ ಭಾಷಾವಿಜ್ಞಾನಿ 1985ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಲೆಕ್ಕದ ಹಾಗೆ ಬಿಡಿಸಿ ತೋರಿಸಿದರು. ಈ ಕ್ಷೇತ್ರದಲ್ಲಿ ಇವತ್ತಿಗೂ ಜಾಸ್ತಿ ಜನ ಅಲ್ಲಿಂದಲೇ ಶುರು ಮಾಡುತ್ತಾರೆ.

ಇದು ಕೇಳುವವರ ಊಹೆ ಆದ್ದರಿಂದ ಅದನ್ನು ವಾಪಸ್ಸು ತೆಗೆದುಕೊಳ್ಳಲೂ ಬರುತ್ತದೆ. ‘ನಾನು ಕೊಡಲಿಲ್ಲ. ಬೇರೆಯವರು ಕೊಟ್ಟರೋ ಇಲ್ಲವೋ ಗೊತ್ತಿಲ್ಲ’ ಅಂತ ಮುಂದುವರಿಸಿದರೆ ಯಾರೂ ‘ನೀನು ಮಾತು ಬದಲಾಯಿಸಿದೆ’ ಅನ್ನುವ ಹಾಗಿಲ್ಲ. ನಿಮ್ಮ ಮೀಟಿಂಗ್‌ನಲ್ಲೂ ಅಷ್ಟೇ. ನೀವು ಸುಳ್ಳು ಹೇಳಲಿಲ್ಲ, ಒಂದು ಊಹೆಗೆ ಬಾಗಿಲು ತೆರೆದಿಟ್ಟಿರಿ.

ಹಾಗಾದರೆ ಕನ್ನಡದಲ್ಲಿ ನಮಗೆ ಇದು ಯಾಕೆ ಕಣ್ಣಿಗೆ ಬೀಳುವುದಿಲ್ಲ? ಕನ್ನಡದಲ್ಲಿ ಒತ್ತಿಗೆ ಒಂಟಿಯಾಗಿ ಕೆಲಸ ಮಾಡುವ ಕಷ್ಟ ಕಡಿಮೆ. ಅದರ ಜೊತೆ ವ್ಯಾಕರಣವೂ ಹೆಗಲು ಕೊಡುತ್ತದೆ. ನಿಮ್ಮದೇ ಉದಾಹರಣೆ ನೋಡಿ. ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದ್ದರೆ ನೀವು ಏನನ್ನುತ್ತಿದ್ದಿರಿ? ‘ಇನ್ನೂ ಕಳಿಸಿಲ್ಲ’. ‘ನಾನು’ ಅನ್ನುವ ಪದವೇ ಬರುತ್ತಿರಲಿಲ್ಲ. ಬೇಡದಿದ್ದರೆ ನಾವು ‘ನಾನು’ವನ್ನು ಬಿಟ್ಟೇ ಬಿಡುತ್ತೇವೆ. ಹಾಗಾಗಿ ಕನ್ನಡದಲ್ಲಿ ಯಾರಾದರೂ ಬೇಕಂತಲೇ ‘ನಾನು’ ಸೇರಿಸಿ ‘ನಾನು ಕಳಿಸಿಲ್ಲ’ ಅಂದರೆ, ಒತ್ತು ಹಾಕದಿದ್ದರೂ ‘ಓಹೋ, ಬೇರೆ ಯಾರೋ ಕಳಿಸಿರಬೇಕು’ ಅನ್ನುವ ವಾಸನೆ ಸ್ವಲ್ಪ ಬಂದೇ ಬರುತ್ತದೆ. ಇಂಗ್ಲಿಷಿನಲ್ಲಿ ‘ಐ’ ಬಿಡುವಂತಿಲ್ಲ. ಬೇಕಾದರೂ ಹೇಳಬೇಕು, ಬೇಡದಿದ್ದರೂ ಹೇಳಬೇಕು. ಬೇಕಾದ ‘ಐ’ ಯಾವುದು, ಬೇಡದ ‘ಐ’ ಯಾವುದು ಅಂತ ತೋರಿಸಲು ಅವರಿಗಿರುವುದು ಒತ್ತು ಮಾತ್ರ. ನಾವು ಪದ ಬಿಟ್ಟು ತೋರಿಸುವುದನ್ನು ಅವರು ಪದ ತೇಲಿಸಿ ತೋರಿಸುತ್ತಾರೆ.

ಇದಕ್ಕಿಂತ ಸೊಗಸಾದದ್ದು ನಮ್ಮ ‘ಇಲ್ಲ’ ಮತ್ತು ‘ಅಲ್ಲ’. ಎರಡೂ ಬೇಡವೆನ್ನುವ ಪದಗಳೇ, ಆದರೆ ಬೇಡವೆನ್ನುವುದು ಬೇರೆ ಬೇರೆಯದನ್ನು. ‘ಇಲ್ಲ’ ನಡೆದ ಸಂಗತಿಯನ್ನು ಹೊಡೆಯುತ್ತದೆ. ‘ಅಲ್ಲ’ ತನ್ನ ಪಕ್ಕದಲ್ಲಿರುವ ಒಂದೇ ಪದವನ್ನು ಹೊಡೆದು ಉಳಿದದ್ದನ್ನು ಮುಟ್ಟುವುದಿಲ್ಲ. ಕೀ ವಾಕ್ಯವನ್ನೇ ತಿರುಗಿಸಿ ನೋಡಿ.

ನಿನ್ನೆ ಅವಳಿಗೆ ಕೀ ಕೊಟ್ಟಿದ್ದು ನಾನಲ್ಲ.

ನಾನು ಅವಳಿಗೆ ಕೀ ಕೊಟ್ಟಿದ್ದು ನಿನ್ನೆ ಅಲ್ಲ.

ನಾನು ನಿನ್ನೆ ಕೀ ಕೊಟ್ಟಿದ್ದು ಅವಳಿಗಲ್ಲ.

ನಾನು ನಿನ್ನೆ ಅವಳಿಗೆ ಕೊಟ್ಟಿದ್ದು ಕೀ ಅಲ್ಲ.

ಮೇಲೆ ಬರೀ ಒತ್ತಿನಿಂದ ತಂದ ಮೊದಲ ನಾಲ್ಕು ಅರ್ಥಗಳೇ ಇವು. ಈಗ ದನಿ ಏರಿಸಬೇಕಾಗಿಲ್ಲ, ಕಾಗದದ ಮೇಲೆ ಬರೆದರೂ ಯಾರಿಗೂ ಅನುಮಾನ ಬರುವುದಿಲ್ಲ. ಇಂಗ್ಲಿಷಿನಲ್ಲೂ ಇಂಥ ತಿರುವಿದ ವಾಕ್ಯಗಳಿವೆ, ‘ಇಟ್ ವಾಸಂಟ್ ಮಿ ಹೂ...’ ಅಂತ ಶುರುವಾಗುವಂಥವು. ಆದರೆ ಮಾತಿನಲ್ಲಿ ಅವರು ಅದಕ್ಕೆ ಕೈ ಹಾಕುವುದು ಕಡಿಮೆ. ವಾಕ್ಯ ಹಾಗೇ ಇಟ್ಟು ಒತ್ತು ಸರಿಸುವುದು ಅವರಿಗೆ ಸಲೀಸು. ನಮಗೆ ತದ್ವಿರುದ್ಧ.

ನಿಮ್ಮ ತೊಂದರೆಗೆ ನಾನು ಕೊಡುವ ಮದ್ದು ಇಲ್ಲೇ ಇದೆ. ಇಂಗ್ಲಿಷಿನಲ್ಲಿ ಏನನ್ನಾದರೂ ಅಲ್ಲಗಳೆಯುವ ಮೊದಲು ಕನ್ನಡದಲ್ಲಿ ಮನಸ್ಸಿಗೆ ಬಂದದ್ದು ‘ಇಲ್ಲ’ನೋ ‘ಅಲ್ಲ’ನೋ ನೋಡಿಕೊಳ್ಳಿ. ‘ಅಲ್ಲ’ ಬಂದರೆ, ಅದರ ಹಿಂದೆ ನಿಂತ ಪದ ಯಾವುದೋ ಇಂಗ್ಲಿಷಿನಲ್ಲಿ ಒತ್ತು ಅದಕ್ಕೆ. ‘ಕಳಿಸಿದ್ದು ಅವನಿಗಲ್ಲ’ ಅಂತ ಬಂದರೆ ‘ಹಿಮ್’ ಮೇಲೆ. ‘ಕಳಿಸಿದ್ದು ನಾನಲ್ಲ’ ಅಂತ ಬಂದರೆ ‘ಐ’ ಮೇಲೆ. ಬರೀ ‘ಇಲ್ಲ’ ಬಂದರೆ ‘ಐ’, ‘ಹಿಮ್’ ಥರದ ಚಿಲ್ಲರೆ ಪದಗಳನ್ನು ಮುಟ್ಟಲೇಬೇಡಿ. ನಿಮಗೆ ಅವತ್ತು ಬಂದದ್ದು ‘ಇನ್ನೂ ಕಳಿಸಿಲ್ಲ’. ಅದರಲ್ಲಿ ‘ಅಲ್ಲ’ ಇಲ್ಲ, ‘ನಾನು’ವೂ ಇಲ್ಲ. ಅವನ ಮಾತೂ ಫೈಲಿನ ಮಾತೂ ಪ್ರಶ್ನೆಯಲ್ಲೇ ಬಂದಾಗಿತ್ತು. ಆದ್ದರಿಂದ ಇಂಗ್ಲಿಷಿನಲ್ಲಿ ‘ಐ ಹ್ಯಾವಂಟ್ ಸೆಂಟ್ ಇಟ್ ಯೆಟ್’, ಭಾರ ‘ಸೆಂಟ್’ ಮೇಲೆ. ಪ್ರಶ್ನೆಯಲ್ಲಿ ಆಗಲೇ ಬಂದು ಹೋದ ಪದಕ್ಕೆ ಉತ್ತರದಲ್ಲಿ ಮತ್ತೆ ಒತ್ತು ಕೊಟ್ಟರೆ ಕೇಳುವವರು ಅಲ್ಲೇನೋ ಹೊಸದಿದೆ ಅಂತ ಹುಡುಕತೊಡಗುತ್ತಾರೆ.

ಇನ್ನು ಒಂದು ಬಲೆ ಇದೆ, ಅದಕ್ಕೆ ಬೀಳದವರನ್ನು ನಾನು ನೋಡಿಲ್ಲ. ಕನ್ನಡದಲ್ಲಿ ಒತ್ತು ಅಂದ ತಕ್ಷಣ ನೆನಪಾಗುವುದು ‘ಏ’. ನಾನೇ, ಅವಳಿಗೇ, ನಿನ್ನೆಯೇ. ಹಾಗಾಗಿ ಇಂಗ್ಲಿಷಿನ ಒತ್ತು ಎಂದರೆ ನಮ್ಮ ‘ಏ’ ಅಂತ ಪಾಠ ಹೇಳುವವರೂ ಇದ್ದಾರೆ. ‘ಕೀ ಕೊಟ್ಟೆ’ ಅನ್ನುವಂಥ ವಾಕ್ಯದಲ್ಲಿ ಇದು ನಡೆದುಹೋಗುತ್ತದೆ. ‘ನಾನೇ ಕೊಟ್ಟೆ’ ಅಂದರೆ ಕೊಟ್ಟವನು ನಾನು, ಬೇರೆಯವರಲ್ಲ. ಆದರೆ ಅದೇ ‘ಏ’ಯನ್ನು ‘ಇಲ್ಲ’ ಇರುವ ವಾಕ್ಯದಲ್ಲಿ ಹಾಕಿ ನೋಡಿ, ಎಲ್ಲ ಅಡಿಮೇಲಾಗುತ್ತದೆ.

‘ನಾನೇ ಅವಳಿಗೆ ಕೀ ಕೊಡಲಿಲ್ಲ.’ ಇದರರ್ಥ ಬೇರೆಯವರು ಕೊಟ್ಟರು ಅಂತ ಅಲ್ಲ. ಯಾರೂ ಕೊಟ್ಟಿಲ್ಲ. ಕೊಡದೆ ಇದ್ದದ್ದು ನನ್ನ ತೀರ್ಮಾನ, ಬೇಕೆಂತಲೇ ಕೊಡಲಿಲ್ಲ. ‘ಅವಳಿಗೇ ಕೊಡಲಿಲ್ಲ’ ಅಂತ ನಿಲ್ಲಿಸಿದರೆ ಮಾತು ಅರ್ಧಕ್ಕೆ ನಿಂತ ಹಾಗೆ. ‘ಅವಳಿಗೇ ಕೊಡಲಿಲ್ಲ, ಇನ್ನು ನಿನಗೆ ಕೊಡ್ತೀನಾ?’ ಅಂತ ಮುಂದುವರಿಯಬೇಕು. ‘ನಿನ್ನೆಯೇ ಕೊಡಲಿಲ್ಲ’ ಕೂಡ ಹಾಗೇ, ‘ಇವತ್ತು ಕೊಡ್ತೀನಾ?’ ಅನ್ನುವ ಬಾಲ ಹಿಂದೆಯೇ ಬರುತ್ತದೆ. ‘ಕೊಡಲೇ ಇಲ್ಲ’ ಅಂದರೆ ಎಷ್ಟು ಕಾದರೂ, ಎಷ್ಟು ಕೇಳಿದರೂ ಕೊಡಲಿಲ್ಲ. ಒತ್ತು ಹಾಕಿ ‘ಇಲ್ಲ’ ಅಂದಾಗ ‘ಇಲ್ಲ’ ಒತ್ತು ಬಿದ್ದ ಪದವನ್ನು ಹೊಡೆಯುತ್ತದೆ. ‘ಏ’ ಹಾಕಿ ‘ಇಲ್ಲ’ ಅಂದಾಗ ಆ ಪದ ‘ಇಲ್ಲ’ದ ಕೈಗೆ ಸಿಗುವುದಿಲ್ಲ, ಅದರ ಹೊರಗೆ ನಿಂತುಬಿಡುತ್ತದೆ. ಆದ್ದರಿಂದ ಇಂಗ್ಲಿಷಿನಲ್ಲಿ ‘ಐ’ ಮೇಲೆ ಒತ್ತಿಟ್ಟು ಹೇಳಿದ ‘ಐ ಡಿಡಂಟ್ ಗಿವ್ ಹರ್ ದ ಕೀ’ಯನ್ನು ‘ನಾನೇ ಕೊಡಲಿಲ್ಲ’ ಅಂತ ಕನ್ನಡಕ್ಕೆ ತಂದರೆ, ತಪ್ಪಿಲ್ಲ ಅನ್ನುವವನ ಬಾಯಲ್ಲಿ ತಪ್ಪೊಪ್ಪಿಗೆ ಹಾಕಿದ ಹಾಗೆ! ಅದಕ್ಕೆ ಸರಿಯಾದ ಕನ್ನಡ ‘ಕೊಟ್ಟಿದ್ದು ನಾನಲ್ಲ’.

ಈ ‘ಏ’ ಇನ್ನೊಂದು ದಾರಿಯಲ್ಲೂ ಕಾಟ ಕೊಡುತ್ತದೆ. ‘ಅವನಿಗೇ ಹೇಳಿದೆ’ ಅನ್ನುವುದನ್ನು ನಾವು ಇಂಗ್ಲಿಷಿನಲ್ಲಿ ‘ಐ ಟೋಲ್ಡ್ ಹಿಮ್ ಓನ್ಲಿ’ ಅಂತೀವಿ. ನಮ್ಮ ನಮ್ಮಲ್ಲಿ ಅರ್ಥವಾಗುತ್ತದೆ. ಹೊರಗಿನವರಿಗೆ ಅದು ‘ಅವನೊಬ್ಬನಿಗೆ ಬಿಟ್ಟು ಇನ್ಯಾರಿಗೂ ಹೇಳಲಿಲ್ಲ’ ಅಂತ ಕೇಳಿಸುತ್ತದೆ. ನಮಗೆ ಬೇಕಾಗಿದ್ದದ್ದು ‘ಹಿಮ್’ ಮೇಲೆ ಒಂದು ಒತ್ತು, ಅಷ್ಟೇ. ‘ಓನ್ಲಿ’ಯನ್ನು ತೆಗೆದುಹಾಕಿ ಅದರ ಕೆಲಸವನ್ನು ದನಿಗೆ ಕೊಡಿ.

‘ಓನ್ಲಿ’ಯ ಮಾತು ಬಂದದ್ದರಿಂದ ಒಂದು ವಿಷಯ ಹೇಳಿಬಿಡುತ್ತೇನೆ. ಇದುವರೆಗೆ ನೋಡಿದ್ದರಲ್ಲೆಲ್ಲ ಒತ್ತು ಸರಿದಾಗ ಬದಲಾದದ್ದು ಕೇಳುವವರ ಊಹೆ. ‘ಓನ್ಲಿ’ ಇದ್ದರೆ ಮಾತಿನ ನಿಜ ಸುಳ್ಳೇ ಬದಲಾಗುತ್ತದೆ. ನಾನು ಅವಳಿಗೆ ಒಂದು ಕೀ, ಒಂದು ಕೊಡೆ ಎರಡನ್ನೂ ಕೊಟ್ಟೆ, ಬೇರೆ ಯಾರಿಗೂ ಏನೂ ಕೊಡಲಿಲ್ಲ ಅಂತಿಟ್ಟುಕೊಳ್ಳಿ. ‘ಐ ಓನ್ಲಿ ಗೇವ್ ಹರ್ ದ ಕೀ’ ಅನ್ನುವಾಗ ಒತ್ತು ‘ಹರ್’ ಮೇಲಿದ್ದರೆ ಮಾತು ನಿಜ: ಕೀ ಸಿಕ್ಕಿದ್ದು ಅವಳೊಬ್ಬಳಿಗೆ. ಒತ್ತು ‘ಕೀ’ ಮೇಲಿದ್ದರೆ ಮಾತು ಸುಳ್ಳು, ಯಾಕೆಂದರೆ ಕೊಡೆಯನ್ನೂ ಕೊಟ್ಟಿದ್ದೇನೆ. ಕನ್ನಡದಲ್ಲಿ ಈ ರಗಳೆ ಇಲ್ಲ. ‘ಮಾತ್ರ’ ತನಗೆ ಬೇಕಾದ ಪದದ ಬೆನ್ನಿಗೇ ಹೋಗಿ ಅಂಟಿಕೊಳ್ಳುತ್ತದೆ: ‘ಅವಳಿಗೆ ಮಾತ್ರ ಕೀ ಕೊಟ್ಟೆ’, ‘ಅವಳಿಗೆ ಕೀ ಮಾತ್ರ ಕೊಟ್ಟೆ’.

ಈಗ, ಒತ್ತು ಎಂದರೆ ಬಾಯಿ ಏನು ಮಾಡುತ್ತದೆ? ತುಂಬ ಜನ ಪದವನ್ನು ಜೋರಾಗಿ ಹೇಳುವುದು ಅಂದುಕೊಂಡಿದ್ದಾರೆ. ಡೆನಿಸ್ ಫ್ರೈ ಅನ್ನುವ ಧ್ವನಿವಿಜ್ಞಾನಿ 1950ರ ದಶಕದಲ್ಲಿ ಯಂತ್ರದಿಂದ ಮಾಡಿದ ದನಿಯನ್ನು ಇಂಗ್ಲಿಷ್ ಮಾತಾಡುವವರಿಗೆ ಕೇಳಿಸಿ ಇದನ್ನು ಪರೀಕ್ಷಿಸಿದರು. ಅವರು ನೋಡಿದ್ದು ಒಂಟಿ ಪದಗಳನ್ನು, ‘ಸಬ್ಜೆಕ್ಟ್’ ಅನ್ನುವಾಗ ಭಾರ ಮುಂದಿದ್ದರೆ ನಾಮಪದ, ಹಿಂದಿದ್ದರೆ ಕ್ರಿಯಾಪದ, ಅಂಥವು. ಭಾರ ಎಲ್ಲಿದೆ ಎಂದು ಕಿವಿ ತೀರ್ಮಾನಿಸುವಾಗ ದನಿಯ ಏರಿಳಿತ ಮುಂದು, ಅಕ್ಷರದ ಉದ್ದ ಅದರ ಹಿಂದೆ, ಜೋರು ಕೊನೆಗೆ ಎಂದು ಕಂಡುಬಂತು. ವಾಕ್ಯದ ಒತ್ತಿಗೂ ಇದೇ ಸಾಮಾನು ಬಳಕೆಯಾಗುತ್ತದೆ. ಪದ ತಗ್ಗು ದನಿಯಲ್ಲಿದ್ದರೂ ದನಿ ಅಲ್ಲಿ ಮೇಲೇರಿ ಇಳಿದರೆ, ಅಕ್ಷರ ಒಂದಿಷ್ಟು ಉದ್ದವಾದರೆ ಒತ್ತು ಬಿದ್ದಂತೆಯೇ. ಪಿಸುಮಾತಿನಲ್ಲಿ ದನಿಯ ಏರಿಳಿತವೇ ಇರುವುದಿಲ್ಲ. ಆಗಲೂ ಉದ್ದ ಮತ್ತು ಉಸಿರಿನ ಬಿಗಿಯಿಂದ ಒತ್ತು ಸುಮಾರಾಗಿ ದಾಟುತ್ತದೆ. ನಿಮ್ಮ ‘ಐ...’ ಎಳೆದಾಗ ಆದದ್ದೂ ಇದೇ: ಜೋರಿಲ್ಲ, ಬರೀ ಉದ್ದ.

ಇನ್ನೊಂದು ಅರ್ಧ ಕೆಲಸ ಇದೆ, ಪುಸ್ತಕ ನೋಡಿ ಕಲಿತವರು ಬಿಟ್ಟುಬಿಡುವುದು ಇದನ್ನೇ. ಇಂಗ್ಲಿಷಿನಲ್ಲಿ ಒತ್ತು ಬಿದ್ದ ಪದದ ನಂತರ ಬರುವುದೆಲ್ಲ ಚಪ್ಪಟೆಯಾಗಬೇಕು. ದನಿ ಇಳಿದು, ಮುಂದಿನ ಪದಗಳು ಒಂದೇ ಮಟ್ಟದಲ್ಲಿ ಸರಿದುಹೋಗಬೇಕು. ಮುಂಚಿನ ಪದಗಳು ಹೇಗಿದ್ದರೂ ಅಷ್ಟು ನಷ್ಟವಿಲ್ಲ. ನಾವು ‘ಹಿಮ್’ ಮೇಲೆ ಒತ್ತು ಹಾಕಿ, ಅದೇ ಉತ್ಸಾಹದಲ್ಲಿ ‘ಫೈಲ್’ ಅನ್ನೂ ಮೇಲೇರಿಸುತ್ತೇವೆ. ಆಗ ಕೇಳುವವರಿಗೆ ಎರಡು ಒತ್ತು ಸಿಗುತ್ತದೆ, ಜಾಸ್ತಿ ಸಲ ಕೊನೆಯದೇ ಗೆಲ್ಲುತ್ತದೆ. ನನ್ನ ವಿದ್ಯಾರ್ಥಿಗಳಿಗೆ ನಾನು ಏರಿಸುವುದನ್ನು ಹೇಳಿಕೊಡುವುದು ಹತ್ತು ನಿಮಿಷ, ಏರಿಸಿದ ಮೇಲೆ ಸುಮ್ನೆ ಇಳಿದುಬಿಡುವುದನ್ನು ಹೇಳಿಕೊಡುವುದು ಎರಡು ವಾರ.

ಕನ್ನಡದಲ್ಲಿ ಎಳೆಯುವುದಕ್ಕೆ ಒಂದು ಮಿತಿಯೂ ಇದೆ. ನಮ್ಮಲ್ಲಿ ಸ್ವರದ ಉದ್ದವೇ ಪದ ಬದಲಾಯಿಸುತ್ತದೆ. ‘ಬಳೆ’ಯನ್ನು ಒತ್ತಿ ಹೇಳಲು ಹೋಗಿ ಎಳೆದರೆ ‘ಬಾಳೆ’ ಆಗಿಬಿಡುತ್ತದೆ. ಅದಕ್ಕೇ ನಾವು ಎಳೆತವನ್ನು ಪದದ ಬಾಲಕ್ಕೆ ತಂದು ‘ಬಳೇನೇ’ ಅಂತೀವೇನೋ ಅಂತ ನನಗೆ ಆಗಾಗ ಅನಿಸುತ್ತದೆ. ಇದು ನನ್ನ ಊಹೆ, ಪಾಠವಲ್ಲ.

ಒತ್ತಿನ ಜಾಗ ಒಂದೇ ಇದ್ದರೂ ದನಿ ಇಳಿಯುತ್ತದೋ ಕೊನೆಗೆ ಮತ್ತೆ ಏರುತ್ತದೋ ಅನ್ನುವುದು ಬೇರೆಯೇ ಸಂಗತಿ. ಇಂಗ್ಲಿಷಿನಲ್ಲಿ ‘ಐ’ ಮೇಲೆ ಒತ್ತು ಹಾಕಿ ವಾಕ್ಯವನ್ನು ಇಳಿಸಿ ಮುಗಿಸಿದರೆ ‘ನಾನಲ್ಲ, ಮುಗೀತು’. ಅದೇ ವಾಕ್ಯದ ಬಾಲ ಮೇಲೆತ್ತಿ ನೇತಾಡಲು ಬಿಟ್ಟರೆ ‘ನನ್ನ ಮಟ್ಟಿಗೆ ಇಲ್ಲ, ಬೇರೆಯವರದ್ದು ನನಗೇನು ಗೊತ್ತು’. ಕನ್ನಡದಲ್ಲಿ ಇದಕ್ಕೂ ಒಂದು ಸಿದ್ಧ ಪದ ಇದೆ: ‘ನಾನಂತೂ ಕೊಡಲಿಲ್ಲ’. ‘ಕೊಟ್ಟಿದ್ದು ನಾನಲ್ಲ’ ಅಂದವನು ಯಾರೋ ಕೊಟ್ಟಿದ್ದಾರೆ ಅಂತ ಒಪ್ಪಿಕೊಂಡ. ‘ನಾನಂತೂ ಕೊಡಲಿಲ್ಲ’ ಅಂದವನು ಅದನ್ನೂ ಒಪ್ಪಿಕೊಂಡಿಲ್ಲ, ತನ್ನ ಕೈ ಮಾತ್ರ ತೊಳೆದುಕೊಂಡ. ಮನೆಯಲ್ಲಿ ಏನಾದರೂ ಕಾಣೆಯಾದಾಗ ಮಕ್ಕಳು ಯಾವುದನ್ನು ಬಳಸುತ್ತಾರೆ ಅಂತ ಗಮನಿಸಿ. ಜಾಸ್ತಿ ವಿಷಯ ಗೊತ್ತಿರುವವರು ‘ಅಂತೂ’ ಕಡೆಗೇ ಹೋಗುತ್ತಾರೆ.

ಒತ್ತಿನಿಂದ ಅರ್ಥ ಹೇಳಲಾಗದ ಜಾಗವೂ ಒಂದಿದೆ. ಇಂಗ್ಲಿಷಿನಲ್ಲಿ ಯಾವ ಒತ್ತೂ ಬೇಡದಿದ್ದಾಗಲೂ ದನಿಯ ಮುಖ್ಯ ಏರು ವಾಕ್ಯದ ಕೊನೆಯ ತೂಕದ ಪದದ ಮೇಲೆ ಬೀಳುತ್ತದೆ. ‘ಐ ಡಿಡಂಟ್ ಸೆಂಡ್ ಹಿಮ್ ದ ಫೈಲ್’ನಲ್ಲಿ ಅದು ‘ಫೈಲ್’. ಹಾಗಾಗಿ ‘ಫೈಲ್’ ಏರಿದಾಗ ಎರಡು ಅರ್ಥ ಸಾಧ್ಯ: ಇಡೀ ವಾಕ್ಯವೇ ಹೊಸ ಸುದ್ದಿ, ಅಥವಾ ಕಳಿಸಿದ್ದು ಫೈಲ್ ಅಲ್ಲ. ಏರು ಬಹಳ ಕಡಿದಾಗಿದ್ದರೆ ಎರಡನೆಯದು ಅಂತ ಊಹಿಸಬಹುದು. ಬರೀ ದನಿ ಕೇಳಿ ಖಚಿತವಾಗಿ ಹೇಳುವುದು ಕಷ್ಟ, ಮುಂಚಿನ ಪ್ರಶ್ನೆ ಏನಿತ್ತು ಅಂತ ಗೊತ್ತಿರಬೇಕು. ಒತ್ತು ಎಲ್ಲಿ ಬೀಳುತ್ತದೆ ಅಂತ ಮೊದಲೇ ಹೇಳಬಹುದು, ಮಾತಾಡುವವನ ಮನಸ್ಸು ಓದಲು ಬರುವುದಾದರೆ ಎಂದು ಭಾಷಾವಿಜ್ಞಾನಿ ಡ್ವೈಟ್ ಬೋಲಿಂಜರ್ 1972ರಲ್ಲಿ ತಮ್ಮ ಲೇಖನದ ತಲೆಬರಹದಲ್ಲೇ ಕುಟುಕಿದ್ದರು. ನಿಯಮ ಬರೆಯಲು ಹೊರಟವರಿಗೆ ಆ ಮಾತು ಇನ್ನೂ ಚುಚ್ಚುತ್ತದೆ.

ಬರಹದಲ್ಲಂತೂ ಒತ್ತು ಪೂರ್ತಿ ಮಾಯ. ಕೀ ವಾಕ್ಯ ನಾನು ಸುಮ್ನೆ ಹುಟ್ಟಿಸಿದ್ದಲ್ಲ. ನಾವು ಮೂವರು ಹಂಚಿಕೊಳ್ಳುವ ಒಂದು ಬೀರು ಇತ್ತು. ಅದರ ಕೀ ನನ್ನ ಜೇಬಿನಲ್ಲೇ ಉಳಿದುಹೋಗಿತ್ತು. ಸಹೋದ್ಯೋಗಿಯೊಬ್ಬರು ನಮ್ಮ ಮೂರನೆಯವಳ ಬಗ್ಗೆ ‘ಕೀ ಅವಳ ಹತ್ರ ಇದೆಯಾ?’ ಅಂತ ಮೆಸೇಜ್ ಮಾಡಿದರು. ನಾನು ‘ನಾನು ನಿನ್ನೆ ಅವಳಿಗೆ ಕೀ ಕೊಡಲಿಲ್ಲ’ ಅಂತ ಕಳಿಸಿದೆ. ಬರೆಯುವಾಗ ನನ್ನ ತಲೆಯಲ್ಲಿ ಭಾರ ಇದ್ದದ್ದು ‘ಕೊಡಲಿಲ್ಲ’ ಮೇಲೆ. ಅವರು ಓದಿಕೊಂಡದ್ದು ‘ನಿನ್ನೆ’ ಮೇಲೆ. ನಿನ್ನೆ ಕೊಟ್ಟಿಲ್ಲ ಅಂದರೆ ಇವತ್ತು ಬೆಳಿಗ್ಗೆ ಕೊಟ್ಟಿರಬೇಕು ಅಂತ ಸೀದಾ ಅವಳ ಹತ್ತಿರ ಹೋಗಿ ಕೇಳಿದರು. ಅವಳು ಇಲ್ಲ ಅಂದಳು, ಇವರು ಇನ್ನೊಮ್ಮೆ ನೋಡಿ ಅಂದರು, ಅವಳಿಗೆ ಸಿಟ್ಟು ಬಂತು. ಸಂಜೆ ಇಬ್ಬರೂ ಒಟ್ಟಿಗೆ ನನ್ನನ್ನು ತರಾಟೆಗೆ ತೆಗೆದುಕೊಂಡರು. ತಪ್ಪು ನನ್ನದೇ. ಕೇಳಿದವರ ಪ್ರಶ್ನೆಯಲ್ಲಿ ‘ನಿನ್ನೆ’ ಇರಲಿಲ್ಲ. ಬೇಡದ ‘ನಿನ್ನೆ’ಯನ್ನು ನಾನು ತುರುಕಿದೆ, ಅವರು ಅದಕ್ಕೊಂದು ಕಾರಣ ಹುಡುಕಿಕೊಂಡರು. ‘ಕೀ ನನ್ನ ಹತ್ರಾನೇ ಇದೆ’ ಅಂದಿದ್ದರೆ ಸಾಕಿತ್ತು. ಬರೆಯುವಾಗ ಇದೊಂದು ಪರೀಕ್ಷೆ ಮಾಡಿ: ವಾಕ್ಯದ ಒಂದೊಂದು ಪದಕ್ಕೂ ಸರದಿಯಲ್ಲಿ ಒತ್ತು ಹಾಕಿ ಓದಿ. ಯಾವುದಾದರೂ ಓದಿನಲ್ಲಿ ಬೇಡದ ಅರ್ಥ ಎದ್ದರೆ ಆ ಪದ ಕಿತ್ತುಹಾಕಿ, ಇಲ್ಲವೇ ‘ಅಲ್ಲ’ ಹಾಕಿ ತಿರುಗಿಸಿ ಬರೆಯಿರಿ.

ಮಾತಿಗೆ ಬೇಕಾದ ಅಭ್ಯಾಸ ಫೋನಿನಲ್ಲೇ ಆಗುತ್ತದೆ. ನಿಮ್ಮ ಫೈಲ್ ವಾಕ್ಯವನ್ನು ನಾಲ್ಕು ಸಲ, ಒತ್ತನ್ನು ‘ಐ’, ‘ಸೆಂಡ್’, ‘ಹಿಮ್’, ‘ಫೈಲ್’ ಮೇಲೆ ಒಂದೊಂದು ಸಲ ಹಾಕಿ ರೆಕಾರ್ಡ್ ಮಾಡಿ. ಕ್ರಮ ಕಲಸಿ ಗೆಳತಿಗೆ ಕೇಳಿಸಿ. ‘ಒತ್ತು ಎಲ್ಲಿದೆ?’ ಅಂತ ಕೇಳಬೇಡಿ, ಹಾಗೆ ಕೇಳಿದರೆ ಅವರು ಜೋರನ್ನು ಹುಡುಕುತ್ತಾರೆ. ‘ಇದನ್ನು ಕೇಳಿದ ಮೇಲೆ ನೀನು ಮುಂದೆ ಏನು ಕೇಳುತ್ತೀ?’ ಅನ್ನಿ. ಯಾರು, ಯಾರಿಗೆ, ಏನು ಅಂತ ಸರಿಯಾದ ಪ್ರಶ್ನೆ ಬಂದರೆ ನಿಮ್ಮ ಒತ್ತು ದಾಟಿದೆ. ‘ಸೆಂಡ್’ಗೆ ‘ಮತ್ತೇನು, ಕೈಗೇ ಕೊಟ್ಟೆಯಾ?’ ಅನ್ನಬೇಕು. ತಪ್ಪಿದರೆ ಅದೇ ರೆಕಾರ್ಡನ್ನು ಕಂಪ್ಯೂಟರಿನಲ್ಲಿ Praat ಅನ್ನುವ ಉಚಿತ ತಂತ್ರಾಂಶದಲ್ಲಿ ತೆರೆದು ನೋಡಿ. ದನಿಯ ಏರಿಳಿತ ಒಂದು ಗೆರೆಯಾಗಿ ಕಾಣುತ್ತದೆ. ಏರು ಸರಿಯಾದ ಪದದ ಮೇಲಿದ್ದು ಆಮೇಲೆ ಇನ್ನೊಂದು ದಿಬ್ಬ ಎದ್ದಿದ್ದರೆ, ಇಳಿಯಬೇಕಾದಲ್ಲಿ ಇಳಿದಿಲ್ಲ ಅಂತ ಅರ್ಥ. ನಿಮ್ಮದು ಅಲ್ಲೇ ಸಿಕ್ಕಿಬೀಳುತ್ತದೆ ಅಂತ ನನ್ನ ಅಂದಾಜು.

ಇದೆಲ್ಲ ಕೈಗೆ ಬರುವವರೆಗೆ ಮೀಟಿಂಗ್‌ನಲ್ಲಿ ಅದೇ ಪ್ರಶ್ನೆ ಬಂದರೆ ‘ನಾಟ್ ಯೆಟ್’ ಅಂದುಬಿಡಿ. ಅದರಲ್ಲಿ ಎಳೆಯುವುದಕ್ಕೆ ‘ಐ’ನೇ ಇಲ್ಲ.